ಗೆರೆ ಮಾಸಿದ ಕೋಷ್ಟಕದ ಸಾಲು ಮತ್ತು ಕಾಲಂಗಳನ್ನು ಗುರುತಿಸುವುದು: ಹಳೆಯ ಜನಗಣತಿ ಪುಟವೊಂದರ ಮೂಲಕ ಸಮಗ್ರ ಮಾರ್ಗದರ್ಶಿ

ಮೈಸೂರು ಸಂಸ್ಥಾನದ ಕಾಲದ ಜನಗಣತಿ ಸಂಪುಟಗಳನ್ನು ಸ್ಕ್ಯಾನ್ ರೂಪದಲ್ಲಿ ತೆರೆದು ನೋಡಿದವರಿಗೆ ಈ ತೊಡಕು ಗೊತ್ತಿರುತ್ತದೆ. ಅಚ್ಚುಮೊಳೆಯಲ್ಲಿ ಜೋಡಿಸಿದ ಕೋಷ್ಟಕಗಳಲ್ಲಿ ಕಾಲಂಗಳ ನಡುವೆ ತೆಳುವಾದ ಉದ್ದಗೆರೆಗಳಿದ್ದವು. ಸಾಲುಗಳ ನಡುವೆ ಸಾಮಾನ್ಯವಾಗಿ ಅಡ್ಡಗೆರೆಗಳೇ ಇರಲಿಲ್ಲ. ನೂರು ವರ್ಷ ದಾಟಿದ ಕಾಗದ ಕಂದಿ, ಶಾಯಿ ಮಾಸಿ, ಮೇಲೆ ಸ್ಕ್ಯಾನಿನ ಸಂಕೋಚನವೂ ಸೇರಿದಾಗ ಆ ಉದ್ದಗೆರೆಗಳು ಅಲ್ಲಲ್ಲಿ ತುಂಡಾಗಿ, ಕೆಲವೆಡೆ ಕಣ್ಣಿಗೆ ಕಾಣದಷ್ಟು ಮಸುಕಾಗಿ ಉಳಿಯುತ್ತವೆ. ಅಂತಹ ಪುಟವನ್ನು ನೇರವಾಗಿ ಓಸಿಆರ್‌ಗೆ ಕೊಟ್ಟರೆ ಅಂಕಿಗಳು ಬಹುಮಟ್ಟಿಗೆ ಸರಿಯಾಗಿಯೇ ಬರುತ್ತವೆ, ಆದರೆ ಯಾವ ಅಂಕಿ ಯಾವ ಕಾಲಂಗೆ ಸೇರಿದ್ದು ಎಂಬ ತಿಳಿವಳಿಕೆ ಕಳೆದುಹೋಗಿರುತ್ತದೆ.

ಈ ಬರಹದಲ್ಲಿ ಅಂತಹ ಒಂದೇ ಪುಟವನ್ನು ಹಿಡಿದು, ಅದರ ರಚನೆಯನ್ನು ಹಂತಹಂತವಾಗಿ ಮರಳಿ ಪಡೆಯುವ ಕ್ರಮವನ್ನು ವಿವರಿಸುತ್ತೇನೆ. ಪುಟದಲ್ಲಿ ತಾಲ್ಲೂಕಿನ ಹೆಸರು, ಚದರ ಮೈಲಿಯಲ್ಲಿ ವಿಸ್ತೀರ್ಣ, ಪಟ್ಟಣಗಳು, ಗ್ರಾಮಗಳು, ಒಟ್ಟು ಜನ, ಗಂಡಸರು, ಹೆಂಗಸರು ಎಂಬ ಏಳು ಕಾಲಂಗಳಿವೆ. ಬಳಸುವ ಸಾಧನಗಳು ಪೈಥಾನ್, ಓಪನ್‌ಸಿವಿ, ಟೆಸರಾಕ್ಟ್ ಮತ್ತು ಪಿಡಿಎಫ್‌ನಿಂದ ಚಿತ್ರಗಳನ್ನು ಹೊರತೆಗೆಯುವ pdfimages ಮಾತ್ರ. ಕ್ಯಾಮೆಲಾಟ್, ಟ್ಯಾಬ್ಯುಲಾ ಮುಂತಾದ ಹೆಸರಾಂತ ಸಾಧನಗಳು ಇಲ್ಲಿ ನೇರವಾಗಿ ಒದಗುವುದಿಲ್ಲ. ಅವು ಅಕ್ಷರಗಳ ಸ್ಥಾನವನ್ನು ಒಳಗೇ ಹೊಂದಿರುವ ಪಿಡಿಎಫ್‌ಗಳಿಗಾಗಿ ಮಾಡಿದವು, ಬರಿಯ ಚಿತ್ರವಾಗಿರುವ ಪುಟಗಳಿಗಾಗಿ ಅಲ್ಲ.

ಮೊದಲ ಹೆಜ್ಜೆ: ಮಸುಕು ಗೆರೆಯನ್ನು ಉಳಿಸಿಕೊಂಡಿರುವ ಚಿತ್ರವನ್ನು ಪಡೆಯಿರಿ

ಹೆಚ್ಚಿನವರ ಕೆಲಸ ಕೆಡುವುದು ಇಲ್ಲಿಯೇ. ಪಿಡಿಎಫ್ ಪುಟವನ್ನು ತೆರೆಯ ಮೇಲಿಂದ ಕತ್ತರಿಸಿಕೊಳ್ಳುವುದು, ಅಥವಾ ಮೊದಲೇ ಕಪ್ಪು-ಬಿಳುಪಾಗಿ ಪರಿವರ್ತಿಸಿಕೊಳ್ಳುವುದು, ಎರಡೂ ಮಸುಕು ಗೆರೆಗಳನ್ನು ಶಾಶ್ವತವಾಗಿ ಅಳಿಸಿಬಿಡುತ್ತವೆ. ಪಿಡಿಎಫ್ ಒಳಗಿರುವ ಮೂಲ ಚಿತ್ರವನ್ನು ಹಾಗೆಯೇ ಹೊರತೆಗೆಯಬೇಕು.

```
pdfimages -list janaganati.pdf
pdfimages -png -f 41 -l 41 janaganati.pdf puta
```

ಮೊದಲನೆಯ ಆಜ್ಞೆ ಒಂದೇ ಪುಟಕ್ಕೆ ಎರಡು ಮೂರು ಚಿತ್ರಗಳನ್ನು ತೋರಿಸಿದರೆ, ಆ ಪಿಡಿಎಫ್ ಅಕ್ಷರಗಳನ್ನು ಒಂದು ಪದರದಲ್ಲೂ ಕಾಗದದ ಹಿನ್ನೆಲೆಯನ್ನು ಕಡಿಮೆ ಸ್ಪಷ್ಟತೆಯ ಇನ್ನೊಂದು ಪದರದಲ್ಲೂ ಇಟ್ಟು ಸಂಕೋಚಿಸಿದ್ದು ಎಂದು ತಿಳಿಯಬೇಕು. ಅಂತಹ ಕಡತದಲ್ಲಿ ಮಸುಕು ಗೆರೆ ಬಹುಪಾಲು ಹಿನ್ನೆಲೆಯ ಪದರಕ್ಕೆ ಸೇರಿ ಕರಗಿಹೋಗಿರುತ್ತದೆ. ಇಂಟರ್ನೆಟ್ ಆರ್ಕೈವ್‌ನಂತಹ ಸಂಗ್ರಹಗಳಲ್ಲಿ ಅನೇಕ ಪುಸ್ತಕಗಳಿಗೆ ಪಿಡಿಎಫ್ ಜೊತೆಗೆ ಜೆಪಿ2 ಚಿತ್ರಗಳ ಕಟ್ಟೂ ದೊರೆಯುತ್ತದೆ. ಅದು ಸಿಗುವಲ್ಲಿ ಅದನ್ನೇ ಆರಿಸಿಕೊಳ್ಳಿ. ಸ್ಕ್ಯಾನ್ ನಿಮ್ಮ ಕೈಯಲ್ಲೇ ಇದ್ದರೆ 300 ಡಿಪಿಐ, ಬೂದು ಛಾಯೆ, ಮಾಹಿತಿ ಕಳೆಯದ ಪಿಎನ್‌ಜಿ ಅಥವಾ ಟಿಫ್ ಸಾಕು. ನಮ್ಮ ಪುಟ ಸುಮಾರು 2400 ಪಿಕ್ಸೆಲ್ ಅಗಲ, 3900 ಪಿಕ್ಸೆಲ್ ಎತ್ತರ ಇದೆ. ಅಂಕಿಯೊಂದರ ಎತ್ತರ 26 ಪಿಕ್ಸೆಲ್, ಅಗಲ 18. ಈ ಎರಡು ಅಳತೆಗಳನ್ನು ಬರೆದಿಟ್ಟುಕೊಳ್ಳಿ. ಮುಂದಿನ ಮಿತಿಗಳನ್ನೆಲ್ಲ ಇವುಗಳ ಲೆಕ್ಕದಲ್ಲೇ ನಿಗದಿ ಮಾಡುತ್ತೇವೆ, ಏಕೆಂದರೆ ಬೇರೆ ಸ್ಪಷ್ಟತೆಯ ಸ್ಕ್ಯಾನ್ ಬಂದಾಗ ಪಿಕ್ಸೆಲ್ ಲೆಕ್ಕ ಬದಲಾದರೂ ಅಂಕಿಯ ಗಾತ್ರದ ಲೆಕ್ಕ ಬದಲಾಗುವುದಿಲ್ಲ.

ಎರಡನೆಯ ಹೆಜ್ಜೆ: ಹಿನ್ನೆಲೆ ಕಳೆದು, ಓರೆಯನ್ನು ಸರಿಪಡಿಸಿ

ಕಾಗದದ ಬಣ್ಣ ಎಲ್ಲೆಡೆ ಒಂದೇ ಇರುವುದಿಲ್ಲ. ಅಂಚಿನಲ್ಲಿ ಕಂದು ಹೆಚ್ಚು, ನಡುವೆ ಕಡಿಮೆ. ಆದ್ದರಿಂದ ಮೊದಲು ಹಿನ್ನೆಲೆಯ ಬಣ್ಣವನ್ನು ಅಂದಾಜು ಮಾಡಿ, ಪ್ರತಿ ಪಿಕ್ಸೆಲ್ ತನ್ನ ಸುತ್ತಲಿನ ಕಾಗದಕ್ಕಿಂತ ಎಷ್ಟು ಕಪ್ಪಾಗಿದೆ ಎಂಬುದನ್ನು ಲೆಕ್ಕ ಹಾಕಬೇಕು.

```python
import cv2, numpy as np
g = cv2.imread("puta-000.png", 0)
h, w = g.shape
bg = cv2.medianBlur(g, 51)
d = bg.astype(np.float32) - g

def tiksnate(a):
    M = cv2.getRotationMatrix2D((w/2, h/2), a, 1)
    r = cv2.warpAffine(d, M, (w, h))
    return np.var(np.diff(r.mean(axis=1)))

kona = max(np.arange(-2, 2.01, 0.05), key=tiksnate)
```

ಇಲ್ಲಿ ವ್ಯವಕಲನದ ಫಲವನ್ನು ಋಣ ಸಂಖ್ಯೆಗಳ ಸಹಿತ ಉಳಿಸಿಕೊಂಡಿರುವುದನ್ನು ಗಮನಿಸಿ. ಸೊನ್ನೆಗಿಂತ ಕೆಳಗಿನದನ್ನು ಕತ್ತರಿಸಿಬಿಟ್ಟರೆ ಕಾಗದದ ಏರಿಳಿತಗಳು ಒಂದನ್ನೊಂದು ರದ್ದು ಮಾಡಿಕೊಳ್ಳುವ ಅವಕಾಶ ತಪ್ಪುತ್ತದೆ, ಮತ್ತು ಮುಂದಿನ ಹಂತದ ಲೆಕ್ಕವೆಲ್ಲ ನಿಂತಿರುವುದು ಆ ರದ್ದಾಗುವಿಕೆಯ ಮೇಲೆಯೇ.

ಓರೆಯನ್ನು ಇಷ್ಟು ಸೂಕ್ಷ್ಮವಾಗಿ ಅಳೆಯಬೇಕೇ ಎಂದು ಕೇಳಬಹುದು. ಪುಟ ಕೇವಲ ಅರ್ಧ ಡಿಗ್ರಿ ವಾಲಿದ್ದರೆ, 3900 ಪಿಕ್ಸೆಲ್ ಎತ್ತರದಲ್ಲಿ ಒಂದು ಉದ್ದಗೆರೆ ಮೇಲಿನಿಂದ ಕೆಳಗೆ ಬರುವಷ್ಟರಲ್ಲಿ ಸುಮಾರು 34 ಪಿಕ್ಸೆಲ್ ಪಕ್ಕಕ್ಕೆ ಸರಿದಿರುತ್ತದೆ. ನಮ್ಮ ಪುಟದಲ್ಲಿ ಅಂಕಿಯ ಬಲತುದಿಗೂ ಅದರ ಪಕ್ಕದ ಗೆರೆಗೂ ಇರುವ ಅಂತರವೇ 25ರಿಂದ 30 ಪಿಕ್ಸೆಲ್. ಅಂದರೆ ಅರ್ಧ ಡಿಗ್ರಿಯ ಓರೆ ಒಂದು ಕಾಲಂನ ಗಡಿಯನ್ನು ಅಂಕಿಗಳ ಮೇಲೆಯೇ ತಂದು ನಿಲ್ಲಿಸುತ್ತದೆ. 0.05 ಡಿಗ್ರಿಯ ಮಟ್ಟಕ್ಕೆ ಸರಿಪಡಿಸಿದರೆ ಆ ಸರಿತ ಮೂರು ನಾಲ್ಕು ಪಿಕ್ಸೆಲ್‌ಗೆ ಇಳಿಯುತ್ತದೆ. ಸಿಕ್ಕ ಕೋನದಷ್ಟು ಮೂಲ ಚಿತ್ರವನ್ನೂ ತಿರುಗಿಸಿ nera.png ಎಂದು ಉಳಿಸಿಕೊಂಡು, ಹಿನ್ನೆಲೆ ಕಳೆದ ಚಿತ್ರವನ್ನು ಮತ್ತೆ ಲೆಕ್ಕ ಹಾಕಿಕೊಂಡು ಮುಂದುವರಿಯಿರಿ.

ಪುಸ್ತಕದ ಹೊಲಿಗೆಯ ಬದಿಯಲ್ಲಿ ಪುಟ ಬಾಗಿದ್ದರೆ ಒಂದೇ ಕೋನದಿಂದ ಎಲ್ಲವೂ ನೇರವಾಗದು. ಆಗ ಪೂರ್ಣ ಪುಟವನ್ನು ನೇರ ಮಾಡಲು ಹೆಣಗುವ ಬದಲು, ಮುಂದೆ ಹೇಳುವಂತೆ ಅಡ್ಡಪಟ್ಟಿಗಳಾಗಿ ಹಂಚಿಕೊಂಡು ಪ್ರತಿ ಪಟ್ಟಿಯನ್ನೂ ಪ್ರತ್ಯೇಕವಾಗಿ ನೋಡುವುದು ಲೇಸು.

ಮೂರನೆಯ ಹೆಜ್ಜೆ: ಕಾಣದ ಗೆರೆಯನ್ನು ಅದರ ಉದ್ದಕ್ಕೂ ಕೂಡಿಸಿ ಕಾಣುವಂತೆ ಮಾಡಿ

ಇಡೀ ಕ್ರಮದ ತಿರುಳು ಈ ಹೆಜ್ಜೆಯಲ್ಲಿದೆ. ಗೆರೆ ಹುಡುಕಲು ಎಲ್ಲರೂ ಮೊದಲು ಹಿಡಿಯುವ ದಾರಿ ಎಂದರೆ ಚಿತ್ರವನ್ನು ಕಪ್ಪು-ಬಿಳುಪು ಮಾಡಿ, ಉದ್ದನೆಯ ಕಡ್ಡಿಯಾಕಾರದ ಜರಡಿಯಿಂದ ಸೋಸುವುದು. ಗೆರೆ ಗಾಢವಾಗಿದ್ದರೆ ಅದು ಚೆನ್ನಾಗಿ ನಡೆಯುತ್ತದೆ. ಆದರೆ ಮಸುಕು ಗೆರೆಯ ಒಂದೊಂದೇ ಪಿಕ್ಸೆಲನ್ನು ನೋಡಿ ಕಪ್ಪೋ ಬಿಳುಪೋ ಎಂದು ತೀರ್ಮಾನಿಸಲು ಹೋದರೆ, ತೀರ್ಮಾನ ತಪ್ಪುವುದು ಖಚಿತ.

ಲೆಕ್ಕ ಹೀಗಿದೆ. ಕಾಗದದ ಮೇಲಿನ ಬೂದು ಮಟ್ಟ 12 ಮಟ್ಟಗಳಷ್ಟು ಆಚೀಚೆ ಏರಿಳಿಯುತ್ತದೆ ಎನ್ನೋಣ. ಮಾಸಿದ ಗೆರೆ ಕಾಗದಕ್ಕಿಂತ 5 ಮಟ್ಟ ಮಾತ್ರ ಕಪ್ಪಾಗಿದೆ. ಒಂದು ಪಿಕ್ಸೆಲನ್ನು ಮಾತ್ರ ನೋಡಿದರೆ ಈ 5 ಆ 12ರೊಳಗೆ ಮುಳುಗಿಹೋಗುತ್ತದೆ. ಆದರೆ ಗೆರೆಯ ಉದ್ದಕ್ಕೂ 320 ಪಿಕ್ಸೆಲ್‌ಗಳ ಸರಾಸರಿ ತೆಗೆದರೆ ಏರಿಳಿತವು 320ರ ವರ್ಗಮೂಲದಿಂದ ಭಾಗವಾಗಿ ಸುಮಾರು 0.67ಕ್ಕೆ ಇಳಿಯುತ್ತದೆ, ಗೆರೆಯ 5 ಮಾತ್ರ 5 ಆಗಿಯೇ ಉಳಿಯುತ್ತದೆ. ಹೀಗೆ ಕಾಣದಿದ್ದ ಗೆರೆ ಏರಿಳಿತಕ್ಕಿಂತ ಏಳು ಪಟ್ಟು ಎದ್ದು ನಿಲ್ಲುತ್ತದೆ. ಜೆಪೆಗ್ ಸಂಕೋಚನವಿರುವ ಚಿತ್ರಗಳಲ್ಲಿ ಅಕ್ಕಪಕ್ಕದ ಪಿಕ್ಸೆಲ್‌ಗಳು ಪರಸ್ಪರ ಅವಲಂಬಿತವಾಗಿರುವುದರಿಂದ ಲಾಭ ಇಷ್ಟು ಸಿಗುವುದಿಲ್ಲ, ಆದ್ದರಿಂದ ಏರಿಳಿತದ ಪ್ರಮಾಣವನ್ನು ಸೂತ್ರದಿಂದ ನಂಬದೆ ಸಿಕ್ಕ ಸರಾಸರಿಗಳಿಂದಲೇ ಅಳೆಯಬೇಕು.

ಸರಾಸರಿ ತೆಗೆಯುವ ಮುನ್ನ ಅಕ್ಷರಗಳನ್ನು ಲೆಕ್ಕದಿಂದ ಹೊರಗಿಡಬೇಕು, ಇಲ್ಲವಾದರೆ ಒಂದೇ ನೇರದಲ್ಲಿ ನಿಂತಿರುವ ಅಂಕಿಗಳೇ ಗೆರೆಯಂತೆ ತೋರುತ್ತವೆ.

```python
t = (d > 40).astype(np.uint8)
n, lab, st, _ = cv2.connectedComponentsWithStats(t)
eddu = st[:, cv2.CC_STAT_HEIGHT] > 3 * 26
t[eddu[lab]] = 0
t = cv2.dilate(t, np.ones((5, 5), np.uint8))
x = np.where(t > 0, np.nan, d)

def patti(y0, y1):
    s = x[y0:y1]
    p = np.nanmean(s, axis=0)
    p[np.isnan(s).mean(axis=0) > 0.67] = np.nan
    return p
```

ಮೂರು ಅಂಕಿಗಳಷ್ಟು ಎತ್ತರವನ್ನು ಮೀರಿದ ತುಂಡುಗಳನ್ನು ಅಕ್ಷರವೆಂದು ಮರೆಮಾಡುವುದಿಲ್ಲ, ಏಕೆಂದರೆ ಅವು ಗೆರೆಯ ಗಾಢ ಭಾಗಗಳೇ ಆಗಿರಬಹುದು. ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ಅಕ್ಷರಗಳಿಂದ ಮುಚ್ಚಿಹೋದ ಸ್ಥಾನಗಳನ್ನು ಬಿಟ್ಟುಬಿಡುತ್ತೇವೆ. ಅಲ್ಲಿ ಗೆರೆ ಇರುವ ಸಂಭವವೇ ಕಡಿಮೆ.

ನಮ್ಮ ಪುಟದಲ್ಲಿ ಕೋಷ್ಟಕದ ಒಡಲು ಮೇಲಿನಿಂದ 620ನೆಯ ಪಿಕ್ಸೆಲ್‌ನಿಂದ 2230ರವರೆಗೆ ಇದೆ. ಅದನ್ನು ಸುಮಾರು 320 ಪಿಕ್ಸೆಲ್ ಎತ್ತರದ ಐದು ಪಟ್ಟಿಗಳಾಗಿ ಹಂಚಿ, ಪ್ರತಿ ಪಟ್ಟಿಗೂ ಸರಾಸರಿಯ ರೇಖೆಯನ್ನು ಪಡೆಯುತ್ತೇವೆ. ಪ್ರತಿಯೊಂದರಿಂದಲೂ ಅದರ ಅಕ್ಕಪಕ್ಕದ 31 ಪಿಕ್ಸೆಲ್‌ಗಳ ಮಧ್ಯಾಂಕವನ್ನು ಕಳೆದರೆ ನಿಧಾನವಾದ ಏರಿಳಿತ ಹೋಗಿ ಚೂಪಾದ ಉಬ್ಬುಗಳು ಉಳಿಯುತ್ತವೆ. ಐದರಲ್ಲಿ ಕನಿಷ್ಠ ಮೂರು ಪಟ್ಟಿಗಳಲ್ಲಿ, ಏರಿಳಿತದ ಐದು ಪಟ್ಟನ್ನು ಮೀರಿದ ಎತ್ತರದಲ್ಲಿ, ನಾಲ್ಕೈದು ಪಿಕ್ಸೆಲ್‌ಗಳ ವ್ಯತ್ಯಾಸದೊಳಗೆ ಒಂದೇ ಸ್ಥಾನದಲ್ಲಿ ಕಾಣಿಸಿದ ಉಬ್ಬನ್ನು ಗೆರೆ ಎಂದು ಒಪ್ಪುತ್ತೇವೆ. ಹೀಗೆ ಸಿಕ್ಕ ಸ್ಥಾನಗಳು ಎಡದಿಂದ 790, 955, 1290, 1590 ಮತ್ತು 1870. ಏಳು ಕಾಲಂಗಳಿಗೆ ಒಳಗಡೆ ಆರು ಗೆರೆಗಳಿರಬೇಕಿತ್ತು, ಐದು ಸಿಕ್ಕಿವೆ.

ಉಬ್ಬು ಕಂಡದ್ದೆಲ್ಲ ಗೆರೆಯಲ್ಲ. ತೆಳು ಕಾಗದದಲ್ಲಿ ಹಿಂಬದಿಯ ಪುಟದ ಗೆರೆ ಇತ್ತ ಮೂಡುತ್ತದೆ. ಅಂತಹದ್ದರ ಉಬ್ಬು ಅಗಲವಾಗಿ, ಅಂಚು ಮಂದವಾಗಿ ಇರುತ್ತದೆ, ಮತ್ತು ಹಿಂಬದಿಯ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ಮೇಲಿಟ್ಟರೆ ಅದೇ ಸ್ಥಾನದಲ್ಲಿ ಗಾಢ ಗೆರೆ ಕಾಣುತ್ತದೆ. ಕಾಗದ ಮಡಚಿದ ಗುರುತಾದರೆ ಕಪ್ಪು ಉಬ್ಬಿನ ಪಕ್ಕದಲ್ಲೇ ಬಿಳಿಯ ತಗ್ಗೂ ಇರುತ್ತದೆ. ಇವೆರಡಕ್ಕಿಂತ ಸರಳವಾದ ಪರೀಕ್ಷೆ ಮತ್ತೊಂದಿದೆ: ಕೋಷ್ಟಕದ ಒಡಲಿನಲ್ಲಿ ಯಾವುದೇ ಪದ ಅಥವಾ ಸಂಖ್ಯೆ ಆ ಸ್ಥಾನವನ್ನು ದಾಟಿ ಹರಡಿದ್ದರೆ, ಅದು ಕಾಲಂನ ಗೆರೆಯಾಗಿರಲಾರದು.

ನಾಲ್ಕನೆಯ ಹೆಜ್ಜೆ: ಗೆರೆಯೇ ಇಲ್ಲದ ಕಡೆ ಅಂಕಿಗಳ ಬಲತುದಿಯನ್ನು ನಂಬಿ

ಗೆರೆ ಸಿಗದಿದ್ದಾಗ ಕಾಲಂಗಳ ನಡುವಿನ ಖಾಲಿ ಜಾಗವನ್ನು ಹುಡುಕುವುದು ವಾಡಿಕೆ. ಅದು ಅಗತ್ಯವೇ, ಆದರೆ ಖಾಲಿ ಜಾಗ ಎರಡು ಬಗೆಯಲ್ಲಿ ಮೋಸ ಮಾಡುತ್ತದೆ. ಒಂದು, ಸಂಖ್ಯೆಯೊಳಗಿನ ಖಾಲಿ ಜಾಗ. 1901ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 5,539,399. ಆ ಕಾಲದ ಪುಟಗಳಲ್ಲಿ ಹೀಗೆ ಮೂರು ಮೂರು ಅಂಕಿಗಳಿಗೆ ಅಲ್ಪವಿರಾಮ ಹಾಕುತ್ತಿದ್ದರು. ಅಲ್ಪವಿರಾಮ ಮಾಸಿಹೋದರೆ ಅದು 5, 539, 399 ಎಂಬ ಮೂರು ಬಿಡಿ ಸಂಖ್ಯೆಗಳಂತೆ ಕಾಣುತ್ತದೆ. ಇದನ್ನು ತಡೆಯಲು, ಒಂದೂವರೆ ಅಂಕಿಯ ಅಗಲಕ್ಕಿಂತ, ನಮ್ಮ ಪುಟದಲ್ಲಿ 27 ಪಿಕ್ಸೆಲ್‌ಗಿಂತ, ಕಡಿಮೆಯಿರುವ ಖಾಲಿ ಜಾಗವನ್ನು ಕಾಲಂನ ಗಡಿಯೆಂದು ಎಣಿಸಬಾರದು. ಎರಡು, ಅಂಕಿಗಳು ವಿರಳವಾಗಿರುವ ಕಾಲಂ. ಅದು ಇಡಿಯಾಗಿ ಖಾಲಿ ಜಾಗದಂತೆ ತೋರಿ ಪಕ್ಕದ ಕಾಲಂನಲ್ಲಿ ಕರಗಿಬಿಡುತ್ತದೆ.

ಈ ಕಾರಣಕ್ಕೆ ನಾನು ಖಾಲಿ ಜಾಗಕ್ಕಿಂತ ತುದಿಗಳ ಸಾಲುಗೂಡುವಿಕೆಯನ್ನು ಹೆಚ್ಚು ನಂಬುತ್ತೇನೆ. ಅಚ್ಚುಮೊಳೆ ಜೋಡಿಸುವವರು ಹೆಸರುಗಳನ್ನು ಎಡಕ್ಕೆ ಹೊಂದಿಸುತ್ತಿದ್ದರು, ಸಂಖ್ಯೆಗಳನ್ನು ಬಲಕ್ಕೆ. ಸಂಖ್ಯೆ ಒಂದಂಕಿಯದಾಗಿರಲಿ ಆರಂಕಿಯದಾಗಿರಲಿ, ಅದರ ಎಡತುದಿ ಎಲ್ಲೆಲ್ಲೋ ಇರುತ್ತದೆ, ಬಲತುದಿ ಮಾತ್ರ ಒಂದೇ ನೇರದಲ್ಲಿ ನಿಲ್ಲುತ್ತದೆ. ಆದ್ದರಿಂದ ಟೆಸರಾಕ್ಟ್‌ನಿಂದ ಪದಗಳ ಚೌಕಟ್ಟುಗಳನ್ನು ಪಡೆದು, ಪ್ರತಿಯೊಂದರ ಬಲತುದಿ ಎಲ್ಲಿದೆ ಎಂದು ಎಣಿಸಿದರೆ ಕಾಲಂಗಳ ಸ್ಥಾನ ಕಿರಿದಾದ ಗುಂಪುಗಳಾಗಿ ಎದ್ದು ಬರುತ್ತದೆ.

```
tesseract nera.png padagalu --psm 11 -l eng tsv
```

ಇದರಿಂದ ದೊರೆಯುವ ಕಡತದಲ್ಲಿ `left` ಮತ್ತು `width` ಕೂಡಿಸಿದರೆ ಬಲತುದಿ. ಶೀರ್ಷಿಕೆಯ ಭಾಗವನ್ನೂ, ಪುಟದ ಕೊನೆಯ ಟಿಪ್ಪಣಿಗಳನ್ನೂ ಸೇರಿಸದೆ ಒಡಲಿನ ಪದಗಳನ್ನು ಮಾತ್ರ ಎಣಿಸಬೇಕು, ಏಕೆಂದರೆ ಶೀರ್ಷಿಕೆಗಳು ಕಾಲಂನ ನಡುವೆ ಬರುತ್ತವೆ, ತುದಿಗೆ ಹೊಂದಿಕೊಳ್ಳುವುದಿಲ್ಲ. ಸಂಖ್ಯೆಯ ಬಾಲಕ್ಕೆ ನಕ್ಷತ್ರದ ಗುರುತು ಇದ್ದರೆ ಆ ಬಲತುದಿ ಒಂದು ಅಂಕಿಯಷ್ಟು ಆಚೆ ಸರಿದಿರುತ್ತದೆ. ಅದನ್ನು ಹೊಸ ಕಾಲಂ ಎಂದು ತಿಳಿಯಬಾರದು.

ಇಲ್ಲಿ ಚುಕ್ಕಿಗಳ ವಿಷಯ ಬಿಡಿಸಿ ಹೇಳಬೇಕು. ಇಂತಹ ಪುಟಗಳಲ್ಲಿ ತಾಲ್ಲೂಕಿನ ಹೆಸರಿನಿಂದ ಅಂಕಿಯ ತನಕ ಕಣ್ಣನ್ನು ಕರೆದೊಯ್ಯಲು ಸಾಲು ಚುಕ್ಕಿಗಳಿರುತ್ತವೆ. ಅವಕ್ಕೆ ಅರ್ಥವಿಲ್ಲ, ತೆಗೆದುಹಾಕಬಹುದು. ಆದರೆ ಅಂಕಿಯ ಕಾಲಂ ಒಳಗೆ ಒಂಟಿಯಾಗಿ ನಿಂತಿರುವ ಎರಡು ಮೂರು ಚುಕ್ಕಿಗಳಿಗೆ ಅರ್ಥವಿದೆ: ಇಲ್ಲಿ ಎಣಿಸಬೇಕಾದದ್ದು ಏನೂ ಇಲ್ಲ ಎಂಬ ಸೂಚನೆ ಅದು. ಚಿತ್ರವನ್ನು ಶುಚಿ ಮಾಡುವ ಭರದಲ್ಲಿ ಎಲ್ಲ ಚಿಕ್ಕ ಕಲೆಗಳನ್ನೂ ಅಳಿಸಿದರೆ ಈ ಸೂಚನೆಯೂ ಅಳಿಯುತ್ತದೆ, ಅದರ ಜೊತೆಗೆ ಕಾಲಂ ಇತ್ತೆಂಬ ಸಾಕ್ಷ್ಯವೂ ಹೋಗುತ್ತದೆ. ಓಸಿಆರ್ ಇವನ್ನು ಹೆಚ್ಚಾಗಿ ಕೈಬಿಡುವುದರಿಂದ, ಚುಕ್ಕಿಗಳನ್ನು ಚಿತ್ರದ ಬಿಡಿ ತುಂಡುಗಳಿಂದ ನೇರವಾಗಿ ಗುರುತಿಸಿಕೊಳ್ಳಬೇಕು.

ನಮ್ಮ ಪುಟದ ಕಾಣೆಯಾದ ಗೆರೆಯ ಗುಟ್ಟು ಬಿಚ್ಚಿದ್ದು ಇದರಿಂದಲೇ. ಬಲತುದಿಗಳ ಗುಂಪುಗಳು ವಿಸ್ತೀರ್ಣಕ್ಕೆ 930, ಗ್ರಾಮಗಳಿಗೆ 1260, ಒಟ್ಟು ಜನಕ್ಕೆ 1560, ಗಂಡಸರಿಗೆ 1840, ಹೆಂಗಸರಿಗೆ 2120 ಎಂದು ಸ್ಪಷ್ಟವಾಗಿ ಬಂದವು. ಪಟ್ಟಣಗಳ ಕಾಲಂನಲ್ಲಿ 28 ತಾಲ್ಲೂಕುಗಳ ಪೈಕಿ ಒಂಬತ್ತಕ್ಕೆ ಮಾತ್ರ ಓಸಿಆರ್ ಅಂಕಿಯನ್ನು ಕೊಟ್ಟಿತ್ತು. ಅವುಗಳ ಬಲತುದಿ 1075. ಉಳಿದ ಸಾಲುಗಳಲ್ಲಿ ಅದೇ ಆಸುಪಾಸಿನಲ್ಲಿ ಚುಕ್ಕಿಗಳಿದ್ದವು. ಅವನ್ನೂ ಸೇರಿಸಿದ ಮೇಲೆ ಅಲ್ಲೊಂದು ಕಾಲಂ ಇದೆ ಎಂಬುದರಲ್ಲಿ ಸಂದೇಹ ಉಳಿಯಲಿಲ್ಲ.

ಇನ್ನು ಗೆರೆಯ ಸ್ಥಾನ. ಸಿಕ್ಕಿರುವ ಗೆರೆಗಳನ್ನು ಅವುಗಳ ಎಡಗಡೆಯ ಅಂಕಿಗಳ ಬಲತುದಿಯೊಂದಿಗೆ ಹೋಲಿಸಿ ನೋಡಿ: 930ಕ್ಕೆ 955, 1260ಕ್ಕೆ 1290, 1560ಕ್ಕೆ 1590, 1840ಕ್ಕೆ 1870. ಅಂತರ ಎಲ್ಲೆಡೆ 25ರಿಂದ 30. ಹಾಗಿದ್ದರೆ 1075ರ ಪಕ್ಕದ ಗೆರೆ 1100 ಮತ್ತು 1105ರ ನಡುವೆ ಇರಬೇಕು. ಮತ್ತೆ ಆ ಐದು ಪಟ್ಟಿಗಳ ಸರಾಸರಿಗೆ ಹಿಂದಿರುಗಿ ಆ ಕಿರಿದಾದ ಜಾಗವನ್ನೇ ನೋಡಿದಾಗ, ಎರಡು ಪಟ್ಟಿಗಳಲ್ಲಿ 1103ನೆಯ ಸ್ಥಾನದಲ್ಲಿ ಏರಿಳಿತದ ಮೂರು ಪಟ್ಟನ್ನು ತುಸು ಮೀರಿದ ಉಬ್ಬು ಇತ್ತು. ಮೊದಲಿನ ಮಿತಿಯ ಪ್ರಕಾರ ಇದು ಸಾಲದು. ಆದರೆ ಆ ಮಿತಿಯನ್ನು ಇಟ್ಟದ್ದು ಪುಟದ 2400 ಸ್ಥಾನಗಳಲ್ಲೂ ಕುರುಡಾಗಿ ಹುಡುಕುವಾಗ. ಎಲ್ಲಿರಬೇಕೆಂದು ಬೇರೆ ಸಾಕ್ಷ್ಯದಿಂದ ಮೊದಲೇ ತಿಳಿದ ಐದಾರು ಸ್ಥಾನಗಳಲ್ಲಿ ಹುಡುಕುವಾಗ ಆಕಸ್ಮಿಕವಾಗಿ ಉಬ್ಬು ಕಾಣುವ ಸಂಭವ ಬಹಳ ಕಡಿಮೆ, ಆದ್ದರಿಂದ ಮೂರು ಪಟ್ಟು ಸಾಕೆಂದು ಒಪ್ಪಬಹುದು. ಇದಕ್ಕೆ ವ್ಯತಿರಿಕ್ತವಾದ ಕ್ರಮ, ಅಂದರೆ ಬೇಕಾದ ಗೆರೆ ಸಿಗುವವರೆಗೂ ಪುಟದ ತುಂಬ ಮಿತಿಯನ್ನು ಇಳಿಸುತ್ತ ಹೋಗುವುದು, ಇಲ್ಲದ ಗೆರೆಗಳನ್ನು ಹುಟ್ಟಿಸುತ್ತದೆ.

ಐದನೆಯ ಹೆಜ್ಜೆ: ಸಾಲುಗಳು, ಮತ್ತು ಎರಡು ಸಾಲಿಗೆ ಹರಿದ ಹೆಸರುಗಳು

ಅಡ್ಡಗೆರೆ ಇಲ್ಲದ ಕೋಷ್ಟಕದಲ್ಲಿ ಮುದ್ರಿತ ಸಾಲುಗಳನ್ನು ಗುರುತಿಸುವುದು ಸುಲಭ. ಪದಗಳ ಕೆಳಅಂಚುಗಳನ್ನು ಅರ್ಧ ಅಂಕಿಯ ಎತ್ತರದ ಅಂತರದಲ್ಲಿ ಗುಂಪು ಮಾಡಿದರೆ ಸಾಕು. ನಮ್ಮ ಪುಟದಲ್ಲಿ 52 ಪಿಕ್ಸೆಲ್‌ಗಳ ಅಂತರದಲ್ಲಿ 31 ಮುದ್ರಿತ ಸಾಲುಗಳು ಸಿಕ್ಕವು. ತಾಲ್ಲೂಕುಗಳು 28 ಮಾತ್ರ. ಈ ಮೂರರ ವ್ಯತ್ಯಾಸವನ್ನು ಬಿಡಿಸುವುದೇ ನಿಜವಾದ ಕೆಲಸ.

ಅಂಕಿಯೇ ಇಲ್ಲದ ಸಾಲು ಎರಡು ಬಗೆಯದಾಗಿರಬಹುದು. ತಿರುಮಕೂಡಲು ನರಸೀಪುರದಂತಹ ಉದ್ದನೆಯ ಹೆಸರು ಎರಡು ಸಾಲಿಗೆ ಹರಿದಿರಬಹುದು, ಅಥವಾ ಅದು ಜಿಲ್ಲೆಯ ಹೆಸರನ್ನು ಹೇಳುವ ಉಪಶೀರ್ಷಿಕೆಯಾಗಿರಬಹುದು. ಹರಿದ ಹೆಸರಿನಲ್ಲಿ ಎರಡನೆಯ ಸಾಲು ಸಾಮಾನ್ಯವಾಗಿ ತುಸು ಒಳಕ್ಕೆ ಸರಿದಿರುತ್ತದೆ, ಸಾಲು ಚುಕ್ಕಿಗಳು ಅದರಿಂದಲೇ ಹೊರಡುತ್ತವೆ, ಮತ್ತು ಅಂಕಿಗಳು ಅದರ ನೇರದಲ್ಲೇ ಇರುತ್ತವೆ. ಹೀಗಾಗಿ ಅಂಕಿಯಿಲ್ಲದ ಮೊದಲ ಸಾಲನ್ನು ಅದರ ಕೆಳಗಿನ ಸಾಲಿಗೆ ಕೂಡಿಸಬೇಕು. ಮೇಲಿನ ಸಾಲಿಗೆ ಕೂಡಿಸುವ ತಪ್ಪು ನಡೆದರೆ ಒಂದು ತಾಲ್ಲೂಕಿನ ಹೆಸರಿನ ಅರ್ಧ ಇನ್ನೊಂದರ ಬಾಲವಾಗುತ್ತದೆ. ಉಪಶೀರ್ಷಿಕೆಯಾದರೆ ಅದರ ಮುಂದಿನ ಸಾಲು ಒಳಕ್ಕೆ ಸರಿದಿರುವುದಿಲ್ಲ, ಮೇಲೆ ಕೆಳಗೆ ಜಾಗವೂ 52ಕ್ಕಿಂತ ಹೆಚ್ಚಿರುತ್ತದೆ, ಮತ್ತು ಹೆಸರಿನ ಎಡತುದಿ ಉಳಿದ ಹೆಸರುಗಳ ನೇರದಲ್ಲಿರದೆ ನಡುವಿಗೆ ಸರಿದಿರುತ್ತದೆ. ನಮ್ಮ ಪುಟದ ಮೂರು ಸಾಲುಗಳಲ್ಲಿ ಎರಡು ಹರಿದ ಹೆಸರುಗಳು, ಒಂದು ಉಪಶೀರ್ಷಿಕೆ. ಎಲ್ಲ ಮುದ್ರಣಾಲಯಗಳೂ ಒಂದೇ ಪದ್ಧತಿಯನ್ನು ಅನುಸರಿಸುತ್ತಿರಲಿಲ್ಲ. ಅಂಕಿಗಳನ್ನು ಮೊದಲ ಸಾಲಿನ ನೇರಕ್ಕೆ ಇಟ್ಟ ಪುಸ್ತಕಗಳೂ ಇವೆ. ಆದ್ದರಿಂದ ನಿಯಮವನ್ನು ಪ್ರೋಗ್ರಾಮಿನಲ್ಲಿ ಬರೆಯುವ ಮೊದಲು ಆ ಪುಸ್ತಕದ ಎರಡು ಮೂರು ಪುಟಗಳನ್ನು ಕಣ್ಣಾರೆ ನೋಡಿಕೊಳ್ಳಬೇಕು.

ಕೋಷ್ಟಕ ಕನ್ನಡದಲ್ಲೇ ಇದ್ದರೆ ಸಾಲು ಗುರುತಿಸುವುದಕ್ಕೆ ಇನ್ನೊಂದು ಎಚ್ಚರ ಬೇಕು. "ಕೃಷ್ಣರಾಜಪೇಟೆ" ಎಂಬಲ್ಲಿ ಒತ್ತಕ್ಷರ ಮುಖ್ಯ ಅಕ್ಷರದ ಕೆಳಗೆ ಇಳಿದಿರುತ್ತದೆ, ಹಲವು ಅಚ್ಚುಗಳಲ್ಲಿ ಅದಕ್ಕೆ ಅಂಟದೆ ಬಿಡಿ ತುಂಡಾಗಿಯೇ ನಿಲ್ಲುತ್ತದೆ. ಕೆಳಅಂಚಿನಿಂದ ಗುಂಪು ಮಾಡಿದರೆ ಒತ್ತಕ್ಷರಗಳೇ ಬೇರೊಂದು ಸಾಲಾಗಿ ಏಳುತ್ತವೆ, ಅಥವಾ ಒತ್ತಿರುವ ಹೆಸರು ತನ್ನ ಅಂಕಿಗಳಿಗಿಂತ ಕೆಳಗಿದೆ ಎಂದು ತೋರುತ್ತದೆ. ಅಂತಹ ಪುಟಗಳಲ್ಲಿ ಮುಖ್ಯ ಅಕ್ಷರಗಳ ತುಂಡುಗಳನ್ನು ಮಾತ್ರ ಹಿಡಿದು, ಅವುಗಳ ಮಧ್ಯದ ಎತ್ತರದಿಂದ ಸಾಲನ್ನು ನಿರ್ಧರಿಸಿ, ಆಮೇಲೆ ಚಿಕ್ಕ ತುಂಡುಗಳನ್ನು ತಮ್ಮ ಮೇಲಿನ ಅಕ್ಷರಕ್ಕೆ ಸೇರಿಸಬೇಕು. ಕನ್ನಡ ಅಂಕಿಗಳಿದ್ದಲ್ಲಿ ಸೊನ್ನೆಯೂ ಅನುಸ್ವಾರವೂ ಒಂದೇ ಆಕಾರದವು ಎಂಬುದನ್ನೂ ಮರೆಯಬಾರದು. ಅಂಕಿಯ ಕಾಲಂ ಯಾವುದೆಂದು ಮೊದಲೇ ಗೊತ್ತಿದ್ದರೆ ಈ ಗೊಂದಲವನ್ನು ನಿಯಮವೊಂದರಿಂದಲೇ ಪರಿಹರಿಸಬಹುದು.

ಆರನೆಯ ಹೆಜ್ಜೆ: ಹಲವು ಕಾಲಂಗಳ ಮೇಲೆ ಹರಡಿದ ಶೀರ್ಷಿಕೆ

ಕೊನೆಯ ಮೂರು ಕಾಲಂಗಳ ಮೇಲೆ "ಜನಸಂಖ್ಯೆ" ಎಂಬ ಒಂದೇ ಶೀರ್ಷಿಕೆಯಿದೆ, ಅದರ ಕೆಳಗೆ ಒಟ್ಟು, ಗಂಡಸರು, ಹೆಂಗಸರು ಎಂಬ ಮೂರು ಉಪಶೀರ್ಷಿಕೆಗಳಿವೆ. ಶೀರ್ಷಿಕೆಯ ನಡುಬಿಂದು ಯಾವ ಕಾಲಂನ ಮೇಲೆ ಬೀಳುತ್ತದೆಯೋ ಅದಕ್ಕೆ ಅದನ್ನು ಸೇರಿಸುವ ಸರಳ ಕ್ರಮ ಇಲ್ಲಿ ಸೋಲುತ್ತದೆ. ಮೂರು ಕಾಲಂಗಳ ಒಟ್ಟು ಹರವು 1290ರಿಂದ 2140ರವರೆಗೆ, ಅದರ ನಡು 1715. ಗಂಡಸರ ಕಾಲಂ ಒಂದರ ನಡು 1730. ಹೀಗೆ ಇಡೀ ಗುಂಪಿನ ನಡುವೂ ಮಧ್ಯದ ಕಾಲಂನ ನಡುವೂ ಹೆಚ್ಚುಕಡಿಮೆ ಒಂದೇ.

ಇಲ್ಲಿ ನೆರವಾಗುವುದು ಉದ್ದಗೆರೆಗಳ ಮೇಲ್ತುದಿ. ಮೂರನೆಯ ಹೆಜ್ಜೆಯ ಲೆಕ್ಕವನ್ನು ಶೀರ್ಷಿಕೆಯ ಭಾಗದಲ್ಲಿ ಮೇಲಿನಿಂದ ಕೆಳಗೆ ಚಿಕ್ಕ ಚಿಕ್ಕ ತುಣುಕುಗಳಲ್ಲಿ ಮಾಡಿ ನೋಡಿದರೆ, 1290ರ ಗೆರೆ ಕೋಷ್ಟಕದ ಮೇಲಂಚಿನಿಂದಲೇ ಹೊರಡುತ್ತದೆ, ಆದರೆ 1590 ಮತ್ತು 1870ರ ಗೆರೆಗಳು "ಜನಸಂಖ್ಯೆ" ಎಂಬ ಪದದ ಕೆಳಗಿನಿಂದ ಮಾತ್ರ ಹೊರಡುತ್ತವೆ. ತಡವಾಗಿ ಹೊರಡುವ ಗೆರೆಗಳೆಲ್ಲ ಒಂದೇ ಹಿರಿಯ ಶೀರ್ಷಿಕೆಯ ಒಳಗಿನವು. ಆ ಪದದ ಕೆಳಗೆ ಮೂರೂ ಕಾಲಂಗಳನ್ನು ಆವರಿಸುವ ಗಿಡ್ಡ ಅಡ್ಡಗೆರೆ ಉಳಿದಿದ್ದರೆ ಅದು ಇನ್ನೊಂದು ಸಾಕ್ಷ್ಯ.

ಏಳನೆಯ ಹೆಜ್ಜೆ: ಕೋಣೆಗಳನ್ನು ಓದಿಸಿ, ಲೆಕ್ಕದಿಂದ ಪರೀಕ್ಷಿಸಿ

ಗಡಿಗಳು ತಿಳಿದ ಮೇಲೆ ಪುಟವನ್ನು ಕಾಲಂಗಳಾಗಿ ಕತ್ತರಿಸಿ, ಅಂಕಿಯ ಕಾಲಂಗಳನ್ನು ಅಂಕಿಗಳೆಂದೇ ತಿಳಿಸಿ ಮತ್ತೊಮ್ಮೆ ಓದಿಸಬೇಕು. ಗೆರೆಯ ಎರಡೂ ಬದಿಯಲ್ಲಿ ನಾಲ್ಕೈದು ಪಿಕ್ಸೆಲ್ ಬಿಟ್ಟು ಕತ್ತರಿಸಿ. ಗೆರೆಯ ಚೂರು ಉಳಿದರೆ ಅದನ್ನು ಓಸಿಆರ್ 1 ಎಂದು ಓದುತ್ತದೆ.

```
tesseract kalam5.png kalam5 --psm 6 -l eng -c tessedit_char_whitelist=0123456789,. tsv
```

ಜನಗಣತಿಯ ಕೋಷ್ಟಕದಲ್ಲಿ ಒಟ್ಟು ಜನ ಎಂದರೆ ಗಂಡಸರು ಮತ್ತು ಹೆಂಗಸರ ಮೊತ್ತ. ಈ ಒಂದು ಸಂಬಂಧ ರಚನೆಯ ತಪ್ಪನ್ನೂ ಓದಿನ ತಪ್ಪನ್ನೂ ಬೇರ್ಪಡಿಸಿ ತೋರಿಸುತ್ತದೆ. ವಿವರಣೆಗಾಗಿ ನಾನೇ ಮಾಡಿಕೊಂಡ ಸಾಲೊಂದನ್ನು ತೆಗೆದುಕೊಳ್ಳೋಣ: ಒಟ್ಟು 61,247, ಗಂಡಸರು 30,418, ಹೆಂಗಸರು 30,829. ಓಸಿಆರ್ ಕೊನೆಯದನ್ನು 80,829 ಎಂದು ಓದಿದರೆ ವ್ಯತ್ಯಾಸ ಸರಿಯಾಗಿ 50,000 ಬರುತ್ತದೆ. ಒಂದೇ ಅಂಕಿ ತಪ್ಪಾದಾಗ ವ್ಯತ್ಯಾಸ ಯಾವಾಗಲೂ ಹೀಗೆ ಒಂದು ಅಂಕಿ, ಅದರ ಮುಂದೆ ಸೊನ್ನೆಗಳು ಎಂಬ ರೂಪದಲ್ಲಿರುತ್ತದೆ. ಬದಲಿಗೆ ಗಂಡಸರ ಸಂಖ್ಯೆ ಹೆಂಗಸರ ಕಾಲಂಗೆ ಸರಿದು, ಹೆಂಗಸರ ಸಂಖ್ಯೆ ಹೊರಗೆ ಬಿದ್ದರೆ ವ್ಯತ್ಯಾಸ 30,829, ಅಂದರೆ ಇಡೀ ಒಂದು ಸಂಖ್ಯೆಯಷ್ಟು. ಮೊದಲನೆಯದಕ್ಕೆ ಅಂಕಿ ತಿದ್ದಿದರೆ ಸಾಕು. ಎರಡನೆಯದಕ್ಕೆ ಗಡಿಯನ್ನೇ ಮರುಪರಿಶೀಲಿಸಬೇಕು.

ಈ ಪರೀಕ್ಷೆಗೆ ಸಿಗದ ತಪ್ಪು ಒಂದಿದೆ, ಮತ್ತು ಅದು ಅತ್ಯಂತ ಅಪಾಯಕಾರಿ. ಹರಿದ ಹೆಸರನ್ನು ತಪ್ಪಾಗಿ ಕೂಡಿಸಿದ್ದರಿಂದ ಹೆಸರುಗಳ ಕಾಲಂ ಪೂರ್ತಿ ಒಂದು ಸಾಲು ಕೆಳಗೆ ಜಾರಿದರೆ, ಪ್ರತಿ ಸಾಲಿನ ಮೊತ್ತ ಸರಿಯಾಗಿಯೇ ಇರುತ್ತದೆ, ಕಾಲಂನ ಕೊನೆಯ ಮೊತ್ತವೂ ಸರಿಯಾಗಿಯೇ ಇರುತ್ತದೆ, ಆದರೆ ನಂಜನಗೂಡಿನ ಜನ ಗುಂಡ್ಲುಪೇಟೆಗೆ ಹೋಗಿರುತ್ತಾರೆ. ಇದನ್ನು ಹಿಡಿಯಲು ಪ್ರತಿ ಹೆಸರಿನ ಎತ್ತರವನ್ನೂ ಅದರ ಅಂಕಿಗಳ ಎತ್ತರವನ್ನೂ ಹೋಲಿಸಿ, ವ್ಯತ್ಯಾಸ ಅರ್ಧ ಸಾಲನ್ನು, ಇಲ್ಲಿ 26 ಪಿಕ್ಸೆಲನ್ನು, ಮೀರಿದ ಕಡೆ ನಿಲ್ಲಿಸುವಂತೆ ಪ್ರೋಗ್ರಾಮಿನಲ್ಲಿ ಬರೆದಿಡಿ. ಸಿಕ್ಕ ಗಡಿಗಳನ್ನೆಲ್ಲ ಮೂಲ ಚಿತ್ರದ ಮೇಲೆ ಬಣ್ಣದಲ್ಲಿ ಎಳೆದು ಒಮ್ಮೆ ನೋಡುವುದಕ್ಕೂ ಪರ್ಯಾಯವಿಲ್ಲ.

ಒಂದೇ ಸಂಪುಟದಲ್ಲಿ ನೂರಾರು ಪುಟಗಳಿದ್ದರೆ

ಒಂದೇ ಕೋಷ್ಟಕ ಹಲವು ಪುಟಗಳಿಗೆ ಮುಂದುವರಿದಾಗ ಮುದ್ರಣಾಲಯ ಅದೇ ಅಳತೆಯ ಕಾಲಂಗಳನ್ನೇ ಬಳಸಿರುತ್ತದೆ. ಆಗ ಮೂರನೆಯ ಹೆಜ್ಜೆಯ ಸರಾಸರಿಯನ್ನು ಒಂದು ಪುಟದೊಳಗೆ ಮಾತ್ರವಲ್ಲ, ಪುಟಗಳ ನಡುವೆಯೂ ತೆಗೆಯಬಹುದು. ಪ್ರತಿ ಪುಟದ ರೇಖೆಯನ್ನು, ಆ ಪುಟದಲ್ಲಿ ಗಾಢವಾಗಿ ಉಳಿದಿರುವ ಒಂದೆರಡು ಗೆರೆಗಳ ಅಥವಾ ಬಲತುದಿಗಳ ನೆರವಿನಿಂದ ಪಕ್ಕಕ್ಕೆ ಸರಿಸಿ ಹೊಂದಿಸಿಕೊಂಡು, ಎಲ್ಲವನ್ನೂ ಕೂಡಿಸಬೇಕು. ಒಂದು ಪುಟದಲ್ಲಿ ಪೂರ್ತಿ ಅಳಿಸಿಹೋದ ಗೆರೆ ಇನ್ನೊಂದರಲ್ಲಿ ಉಳಿದಿರುತ್ತದೆ, ಮತ್ತು ಹದಿನಾರು ಪುಟಗಳನ್ನು ಕೂಡಿಸಿದರೆ ಏರಿಳಿತ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಎಡಪುಟಗಳನ್ನೂ ಬಲಪುಟಗಳನ್ನೂ ಬೇರೆ ಬೇರೆಯಾಗಿಯೇ ಕೂಡಿಸಿ, ಏಕೆಂದರೆ ಹೊಲಿಗೆಯ ಕಡೆಯ ಬಾಗು ಒಂದರಲ್ಲಿ ಕೊನೆಯ ಕಾಲಂಗಳನ್ನು, ಇನ್ನೊಂದರಲ್ಲಿ ಮೊದಲ ಕಾಲಂಗಳನ್ನು ಕಿರಿದಾಗಿಸಿರುತ್ತದೆ.

ಸಂಖ್ಯೆಗಳ ಕಾಲಂ ಒಂದೂ ಇಲ್ಲದೆ, ಎಲ್ಲವೂ ಎರಡು ಮೂರು ಸಾಲಿಗೆ ಹರಿಯುವ ಬರಹವೇ ಆಗಿರುವ ಕೋಷ್ಟಕಗಳಲ್ಲಿ, ಉದಾಹರಣೆಗೆ ಇನಾಮು ಜಮೀನಿನ ವಿವರಗಳ ಪಟ್ಟಿಗಳಲ್ಲಿ, ಬಲತುದಿಯ ಸಾಕ್ಷ್ಯ ಇರುವುದಿಲ್ಲ, ಸಾಲುಗಳ ಗಡಿಯೂ ಅಸ್ಪಷ್ಟ. ಟೇಬಲ್ ಟ್ರಾನ್ಸ್‌ಫಾರ್ಮರ್‌ನಂತಹ ತರಬೇತಿ ಪಡೆದ ಮಾದರಿಗಳನ್ನು ಅಲ್ಲಿ ಪ್ರಯತ್ನಿಸಬಹುದು, ಆದರೆ ಅದರ ತರಬೇತಿಗೆ ಬಳಸಿದ ಪಬ್‌ಟೇಬಲ್ಸ್ ಸಂಗ್ರಹದ ಕೋಷ್ಟಕಗಳು ಈ ಕಾಲದ ವೈಜ್ಞಾನಿಕ ಲೇಖನಗಳಿಂದ ಬಂದವು. ಸಾಲು ಚುಕ್ಕಿಗಳು, ಮಾಸಿದ ಕಾಗದ, ಹಿಂಬದಿಯ ಶಾಯಿ ಅದಕ್ಕೆ ಅಪರಿಚಿತ. ಅದು ಕೊಟ್ಟ ಕಾಲಂ ಗಡಿಗಳನ್ನು ಊಹೆಯೆಂದು ಸ್ವೀಕರಿಸಿ, ನಾಲ್ಕನೆಯ ಹೆಜ್ಜೆಯಲ್ಲಿ 1103ರ ಗೆರೆಯನ್ನು ಪರೀಕ್ಷಿಸಿದಂತೆಯೇ, ಆ ಕಿರಿದಾದ ಜಾಗದಲ್ಲಿ ಗೆರೆಯ ಉಬ್ಬು ಇದೆಯೇ ಎಂದು ಮೂಲ ಚಿತ್ರದಲ್ಲಿ ನೋಡಬೇಕು. ಅಲ್ಲಿ ಏನೂ ಕಾಣದಿದ್ದರೆ ಆ ಗಡಿಯನ್ನು ಕೈಯಿಂದ ಎಳೆದು, ಯಾವ ಗಡಿ ಕೈಯಿಂದ ಎಳೆದದ್ದು ಎಂಬುದನ್ನು ಕಡತದಲ್ಲೇ ನಮೂದಿಸಿಡಿ.